ಸೈಕಲ್, ತಂಬೂರಿ, ಕಾಯಿ ಚೀಲ: ತುಮಕೂರಿನಿಂದ ರೈಲು ಹತ್ತುವ ಮುನ್ನ

ಅಕ್ಕನ ಮಗಳು ಹಿಂದೂಸ್ತಾನಿ ಸಂಗೀತ ಕಲಿಯಲು ಧಾರವಾಡಕ್ಕೆ ಹೊರಟಿದ್ದಾಳೆ. ಸ್ಲೀಪರ್ ಟಿಕೆಟ್. ಜೊತೆಗೆ ಒಂದು ಟ್ರಂಕು, ಒಂದು ಬ್ಯಾಗು, ಊರಿನ ಕಾಯಿ ಒಂದು ಚೀಲ, ತಂಬೂರಿ, ಮತ್ತೆ ಅವಳ ಸೈಕಲ್. "ಮಾಮಾ, ಇಷ್ಟೂ ರೈಲಲ್ಲಿ ಹೋಗುತ್ತಾ?" ಎಂದು ಕೇಳಿದಳು. ಹೋಗುತ್ತದೆ. ಆದರೆ ಎಲ್ಲವೂ ಒಂದೇ ಡಬ್ಬಿಯಲ್ಲಿ ಹೋಗುವುದಿಲ್ಲ, ಎಲ್ಲವೂ ಒಂದೇ ಲೆಕ್ಕದಲ್ಲೂ ಹೋಗುವುದಿಲ್ಲ. ಅವಳಿಗೆ ಕೂರಿಸಿಕೊಂಡು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮನೆಯಲ್ಲೇ ತೂಕ ಹಾಕಿ

ರೈಲಿನಲ್ಲಿ ಸಾಮಾನಿಗೆ ಮೂರು ಗೆರೆಗಳಿವೆ. ಮೊದಲನೆಯದು ಉಚಿತ ತೂಕ. ಸ್ಲೀಪರ್‌ನಲ್ಲಿ ಒಬ್ಬರಿಗೆ 40 ಕೆ.ಜಿ., ಸೆಕೆಂಡ್ ಕ್ಲಾಸ್‌ನಲ್ಲಿ 35 ಕೆ.ಜಿ. ಎಸಿ ಥ್ರೀ ಟಯರ್ ಮತ್ತು ಎಸಿ ಚೇರ್ ಕಾರ್‌ನಲ್ಲೂ 40. ಎಸಿ ಟೂ ಟಯರ್‌ನಲ್ಲಿ 50, ಎಸಿ ಫಸ್ಟ್‌ನಲ್ಲಿ 70. ಐದು ವರ್ಷ ತುಂಬಿ ಹನ್ನೆರಡು ತುಂಬದ ಮಕ್ಕಳಿಗೆ ಇದರ ಅರ್ಧ.

ಎರಡನೆಯದು ಸಣ್ಣ ವಿನಾಯಿತಿ. ಉಚಿತ ತೂಕದ ಮೇಲೆ 10 ಕೆ.ಜಿ., ಎಸಿ ಫಸ್ಟ್‌ನಲ್ಲಿ 15. ಇದನ್ನು ತುಂಬಾ ಜನ ತಪ್ಪಾಗಿ ತಿಳಿದಿದ್ದಾರೆ. ಇದು ಉಚಿತವಲ್ಲ. ಬುಕ್ ಮಾಡದೆ ಇಷ್ಟರೊಳಗೆ ಸಿಕ್ಕಿಬಿದ್ದರೆ ದೊಡ್ಡ ದಂಡ ಬೀಳುವುದಿಲ್ಲ, ಲಗೇಜು ದರದ ಒಂದೂವರೆ ಪಟ್ಟು ಕಟ್ಟಬೇಕು, ಅಷ್ಟೇ. ಈ ಗೆರೆಯನ್ನೂ ದಾಟಿದರೆ ಆರು ಪಟ್ಟು. ಆಗ ಉಚಿತ ತೂಕದ ಮೇಲಿನ ಅಷ್ಟಕ್ಕೂ ಆರು ಪಟ್ಟು ಬೀಳುತ್ತದೆ, ವಿನಾಯಿತಿಯ 10 ಕೆ.ಜಿ.ಯನ್ನು ಕಳೆಯುವುದಿಲ್ಲ.

ಮೂರನೆಯದು ಗರಿಷ್ಠ ತೂಕ, ಅಂದರೆ ಹಣ ಕಟ್ಟಿ ಒಯ್ಯಬಹುದಾದ್ದನ್ನೂ ಸೇರಿಸಿ ಒಟ್ಟು ಎಷ್ಟು ಅನ್ನುವುದು. ಸ್ಲೀಪರ್‌ನಲ್ಲಿ 80 ಕೆ.ಜಿ., ಸೆಕೆಂಡ್ ಕ್ಲಾಸ್‌ನಲ್ಲಿ 70, ಎಸಿ ಟೂ ಟಯರ್‌ನಲ್ಲಿ 100. ಎಸಿ ಥ್ರೀ ಟಯರ್ ಮತ್ತು ಎಸಿ ಚೇರ್ ಕಾರ್‌ನಲ್ಲಿ ಮಾತ್ರ ಉಚಿತ ತೂಕವೂ 40, ಗರಿಷ್ಠವೂ 40. ಟಿಕೆಟ್ಟಿಗೆ ಜಾಸ್ತಿ ಕೊಟ್ಟಿದ್ದೇವೆ, ಸಾಮಾನೂ ಜಾಸ್ತಿ ಒಯ್ಯಬಹುದು ಎಂದುಕೊಂಡು ಹೋಗುವವರು ಇಲ್ಲೇ ಎಡವುತ್ತಾರೆ. ಮನೆ ಬದಲಾಯಿಸುವಂಥ ಸಾಮಾನಿದ್ದರೆ ಥ್ರೀ ಟಯರ್‌ಗಿಂತ ಸ್ಲೀಪರ್ ಅನುಕೂಲ.

ಆರು ಪಟ್ಟು ಅಂದರೆ ಎಷ್ಟು? 2018ರಲ್ಲಿ ಈ ದಂಡದ ಸುದ್ದಿ ಬಂದಾಗ ರೈಲ್ವೆಯ ಒಂದು ಉದಾಹರಣೆ ಪತ್ರಿಕೆಗಳಲ್ಲಿ ಬಂದಿತ್ತು. ಸ್ಲೀಪರ್ ಪ್ರಯಾಣಿಕರೊಬ್ಬರು 80 ಕೆ.ಜಿ. ಹೊತ್ತು 500 ಕಿ.ಮೀ. ಹೋಗುತ್ತಾರೆ. ಹೆಚ್ಚಿನ 40 ಕೆ.ಜಿ.ಯನ್ನು ಮೊದಲೇ ಬುಕ್ ಮಾಡಿದರೆ 109 ರೂಪಾಯಿ. ಮಾಡದೆ ಸಿಕ್ಕಿಬಿದ್ದರೆ 654 ರೂಪಾಯಿ. ನೀವು ಹೋಗುವ ದಿನ ದರ ಬೇರೆ ಇರಬಹುದು, ಕೌಂಟರಿನಲ್ಲಿ ಕೇಳಿಕೊಳ್ಳಿ. ಆದರೆ ಬುಕ್ ಮಾಡುವ ಖರ್ಚು ಎಷ್ಟು ಕಡಿಮೆ ಅನ್ನುವುದನ್ನು ನೋಡಿ. ನೂರು ರೂಪಾಯಿ ಉಳಿಸಲು ಹೋಗಿ ರಾತ್ರಿಯಿಡೀ ಟಿಟಿಇ ಬರುತ್ತಾರಾ ಎಂದು ನೋಡುತ್ತಾ ಕೂರುವುದು ಬೇಡ ಅಲ್ವಾ?

ಈಗ ಹುಡುಗಿಯ ಸಾಮಾನು. ಟ್ರಂಕು 21 ಕೆ.ಜಿ., ಬ್ಯಾಗು 9, ಸುಲಿದ ಕಾಯಿ 25 ಇದ್ದ ಚೀಲ 14, ಪೆಟ್ಟಿಗೆ ಸಮೇತ ತಂಬೂರಿ 8. ಒಟ್ಟು 52 ಕೆ.ಜಿ. ಸ್ಲೀಪರ್‌ನ 40 ದಾಟಿತು, ವಿನಾಯಿತಿಯ 50ನ್ನೂ ದಾಟಿತು. ಈ ಎರಡು ಕೆ.ಜಿ. ಇದ್ದರೆ ಅವಳು ಆರು ಪಟ್ಟಿನ ಕಡೆಗೆ ಬೀಳುತ್ತಾಳೆ. ಕಾಯಿ ಚೀಲವನ್ನು ಮನೆಯಲ್ಲೇ ಬಿಟ್ಟರೆ 38 ಕೆ.ಜಿ., ಪೂರ್ತಿ ಉಚಿತದೊಳಗೆ. ಧಾರವಾಡದಲ್ಲೂ ಕಾಯಿ ಸಿಗುತ್ತದೆ ಎಂದರೆ ಅಕ್ಕ ಒಪ್ಪಲಿಲ್ಲ, ತಿಪಟೂರಿನ ಕಡೆಯ ಕಾಯಿಯೇ ಬೇಕಂತೆ. ಕೊನೆಗೆ ಮೂರು ಕಾಯಿ ಬ್ಯಾಗಿಗೆ ಹೋದವು. ಒಂದು ಸುಲಿದ ಕಾಯಿ ಅರ್ಧ ಕೆ.ಜಿ.ಗಿಂತ ಸ್ವಲ್ಪ ಮೇಲೆ ತೂಗುತ್ತದೆ. ಮೂರಕ್ಕೆ ಒಂದೂಮುಕ್ಕಾಲು ಹಿಡಿದರೂ 40ರ ಒಳಗೇ ಇದ್ದೇವೆ.

ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ರಾಗಿ ಮಿಲ್ಲಿನಲ್ಲೋ ಕೊಬ್ಬರಿ ಅಂಗಡಿಯಲ್ಲೋ ತೂಗಿಸಿ. ಕೈಯಲ್ಲಿ ಎತ್ತಿ ಅಂದಾಜು ಮಾಡಿದರೆ ಟ್ರಂಕಿನ ಲೆಕ್ಕ ಯಾವಾಗಲೂ ಕಡಿಮೆಯೇ ಬರುತ್ತದೆ. ಖಾಲಿ ಟ್ರಂಕಿನ ತೂಕವನ್ನೇ ನಾವು ಮರೆತಿರುತ್ತೇವೆ.

ಆಮೇಲೆ ಟೇಪು ಹಿಡಿಯಿರಿ

ತೂಕ ಸರಿ ಇದ್ದರೆ ಸಾಲದು, ಅಳತೆಯೂ ಸರಿ ಇರಬೇಕು. ಟ್ರಂಕು, ಸೂಟ್‌ಕೇಸು, ಪೆಟ್ಟಿಗೆ ಯಾವುದೇ ಇರಲಿ, ಹೊರಗಿನ ಅಳತೆ 100 ಸೆಂ.ಮೀ. ಉದ್ದ, 60 ಅಗಲ, 25 ಎತ್ತರದೊಳಗೆ ಇದ್ದರೆ ಮಾತ್ರ ಬೋಗಿಯೊಳಗೆ ಬಿಡಬೇಕು ಎನ್ನುವುದು ನಿಯಮ. ಎಸಿ ಥ್ರೀ ಟಯರ್ ಮತ್ತು ಚೇರ್ ಕಾರ್‌ಗೆ ಇನ್ನೂ ಚಿಕ್ಕದು: 55, 45, 22.5 ಸೆಂ.ಮೀ. ಇದಕ್ಕಿಂತ ದೊಡ್ಡದು ಬ್ರೇಕ್ ವ್ಯಾನಿಗೆ, ಅಂದರೆ ಗಾಡಿಯ ಸಾಮಾನಿನ ಡಬ್ಬಿಗೆ ಹೋಗಬೇಕು.

25 ಸೆಂ.ಮೀ. ಎತ್ತರ ಅಂದರೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ಹಳೆಯ ಕಬ್ಬಿಣದ ಟ್ರಂಕುಗಳಲ್ಲಿ ಎಷ್ಟೋ ಇದನ್ನು ದಾಟುತ್ತವೆ. ಸೀಟಿನ ಕೆಳಗೆ ನುಸುಳುವ ಟ್ರಂಕಿಗೆ ಯಾರೂ ಟೇಪು ಹಿಡಿಯುವುದಿಲ್ಲ, ಅದು ನಿಜ. ದಾರಿಗೆ ಅಡ್ಡ ಬಂದರೆ, ಪಕ್ಕದವರು ದೂರಿದರೆ, ಆಗ ಹಿಡಿಯುತ್ತಾರೆ. ಆ ಹೊತ್ತಿನಲ್ಲಿ ನಿಮ್ಮ ಕಡೆ ನಿಯಮ ಇರುವುದಿಲ್ಲ.

ಸೈಕಲ್: ಉಚಿತ ತೂಕ ಇದಕ್ಕಿಲ್ಲ

"ನನಗೆ 40 ಕೆ.ಜಿ. ಫ್ರೀ ಇದೆ, ಸೈಕಲ್ 15 ಕೆ.ಜಿ., ಹಾಗಾದ್ರೆ ದುಡ್ಡು ಯಾಕೆ?" ಇದು ಎಲ್ಲರೂ ಕೇಳುವ ಪ್ರಶ್ನೆ. ಸೈಕಲ್, ಸ್ಕೂಟರ್ ಇಂಥವಕ್ಕೆ ಉಚಿತ ತೂಕ ಅನ್ವಯಿಸುವುದಿಲ್ಲ ಎಂದು ನಿಯಮ ಸ್ಪಷ್ಟವಾಗಿಯೇ ಹೇಳುತ್ತದೆ. ನೀವು ಬರಿಗೈಲಿ ಹೊರಟಿದ್ದರೂ ಸೈಕಲ್ಲಿಗೆ ಬೇರೆ ಹಣ ಕಟ್ಟಲೇಬೇಕು, ಅದು ಬ್ರೇಕ್ ವ್ಯಾನಿನಲ್ಲೇ ಹೋಗಬೇಕು. ಚಕ್ರ ಬಿಚ್ಚಿ ಚೀಲದಲ್ಲಿ ಹಾಕಿದರೂ ಸಾಧಾರಣ ಸೈಕಲ್ಲಿನ ಫ್ರೇಮು 60 ಸೆಂ.ಮೀ. ಅಗಲದೊಳಗೆ ಕೂರುವುದು ಕಷ್ಟ.

ಕೌಂಟರಿನಲ್ಲಿ ಎರಡು ಮಾತು ಕಿವಿಗೆ ಬೀಳುತ್ತವೆ: ಲಗೇಜು ಮತ್ತು ಪಾರ್ಸೆಲ್. ನೀವು ಹೋಗುವ ಗಾಡಿಯಲ್ಲೇ, ನಿಮ್ಮ ಟಿಕೆಟ್ ತೋರಿಸಿ ಕಳಿಸಿದರೆ ಅದು ಲಗೇಜು. ನೀವು ಹೋಗದೆ ಸಾಮಾನು ಮಾತ್ರ ಹೋದರೆ ಪಾರ್ಸೆಲ್, ಅದು ಜಾಗ ಸಿಕ್ಕಿದ ಗಾಡಿಯಲ್ಲಿ ಹೋಗುತ್ತದೆ. ಜೊತೆಯಲ್ಲೇ ಪ್ರಯಾಣ ಇದ್ದಾಗ "ಲಗೇಜು ಬುಕಿಂಗ್" ಎಂದೇ ಬಾಯಿಬಿಟ್ಟು ಕೇಳಿ.

ಮೊದಲ ಹೆಜ್ಜೆ, ಗಾಡಿ ಮತ್ತು ನಿಲ್ದಾಣ ಆರಿಸುವುದು. ತುಮಕೂರಿನವರಿಗೆ ಎಲ್ಲಕ್ಕಿಂತ ಮುಖ್ಯವಾದ್ದು ಇದೇ. ನಮ್ಮ ಊರು ಬೆಂಗಳೂರು–ಹುಬ್ಬಳ್ಳಿ ಮಾರ್ಗದ ಮೇಲಿದೆ, ಗಾಡಿಗಳು ಬೇಕಾದಷ್ಟಿವೆ. ಆದರೆ ಬಹಳಷ್ಟು ಎಕ್ಸ್‌ಪ್ರೆಸ್‌ಗಳು ಇಲ್ಲಿ ಒಂದೆರಡು ನಿಮಿಷ ನಿಂತು ಹೊರಡುತ್ತವೆ. ಬ್ರೇಕ್ ವ್ಯಾನಿನ ಬಾಗಿಲು ತೆಗೆದು, ಒಳಗಿನ ಸಾಮಾನು ಸರಿಸಿ, ಸೈಕಲ್ ಏರಿಸಿ, ಲೆಕ್ಕ ಬರೆದು ಬಾಗಿಲು ಹಾಕಲು ಅಷ್ಟು ಹೊತ್ತು ಸಾಲುವುದಿಲ್ಲ. ಹಾಗಾಗಿ ಐದು ನಿಮಿಷವಾದರೂ ನಿಲ್ಲುವ ಗಾಡಿಯನ್ನೇ ನೋಡಿ. ಹತ್ತುವ ಕಡೆ ಮಾತ್ರವಲ್ಲ, ಇಳಿಯುವ ಕಡೆಯೂ ನೋಡಬೇಕು. ಇಳಿಯುವ ಕಡೆ ನೋಡದೆ ಹೋದದ್ದರಿಂದ ನಮ್ಮ ಮನೆಯಲ್ಲೇ ಒಮ್ಮೆ ತೊಂದರೆಯಾಗಿದೆ. ಒಂದು ಸಣ್ಣ ನಿಲ್ದಾಣಕ್ಕೆ ಬುಕ್ ಮಾಡಿದ್ದ ಸೈಕಲ್ಲನ್ನು ಇಳಿಸುವಷ್ಟರಲ್ಲಿ ಗಾಡಿ ಹೊರಟುಬಿಟ್ಟಿತು. ಅದು ಕೊನೆಯ ನಿಲ್ದಾಣದವರೆಗೆ ಹೋಗಿ ಎರಡು ದಿನ ಬಿಟ್ಟು ವಾಪಸ್ ಬಂತು. ಅಣ್ಣ ಎರಡೂ ದಿನ ಸ್ಟೇಷನ್ನಿಗೆ ಅಲೆದರು.

ಇನ್ನೊಂದು ವಿಷಯ. ವಂದೇ ಭಾರತ್‌ನಂಥ ಗಾಡಿಯಲ್ಲಿ ಬ್ರೇಕ್ ವ್ಯಾನ್ ಎನ್ನುವ ಸಾಮಾನಿನ ಡಬ್ಬಿಯೇ ಇಲ್ಲ. ಧಾರವಾಡಕ್ಕೆ ಅದು ಬೇಗ ಹೋಗುತ್ತದೆ, ನಿಜ, ಆದರೆ ಸೈಕಲ್ ಇದ್ದವರು ಅದನ್ನು ಮರೆಯಬೇಕು. ಬೇರೆ ಗಾಡಿಗಳಲ್ಲೂ ಬ್ರೇಕ್ ವ್ಯಾನಿನ ಒಂದು ಭಾಗವನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿರುತ್ತಾರೆ. ಡಬ್ಬಿ ಖಾಲಿ ಕಂಡರೂ ನಿಮ್ಮ ಸೈಕಲ್ಲಿಗೆ ಅಲ್ಲಿ ಜಾಗ ಸಿಗದೇ ಇರಬಹುದು.

ಅದಕ್ಕೆ ಹೀಗೆ ಮಾಡಿ. ಟಿಕೆಟ್ ತೆಗೆಸುವ ಮುನ್ನವೇ ಒಂದು ದಿನ ಸ್ಟೇಷನ್ನಿಗೆ ಹೋಗಿ. "ಈ ಗಾಡಿಗೆ, ಈ ಊರಿಗೆ, ಸೈಕಲ್ಲನ್ನು ಲಗೇಜಾಗಿ ಇಲ್ಲಿಂದ ತಗೊಳ್ತೀರಾ?" ಎಂದು ಗಾಡಿಯ ನಂಬರು ಹೇಳಿ ಕೇಳಿ. ಸುಮ್ನೆ "ಸೈಕಲ್ ಕಳಿಸಬಹುದಾ" ಎಂದರೆ ಬರುವ ಉತ್ತರ ನಿಮ್ಮ ಗಾಡಿಗೆ ಹೊಂದದೆ ಹೋಗಬಹುದು. ಇಲ್ಲಿಂದ ಆಗದಿದ್ದರೆ ಗಾಡಿ ಹೊರಡುವ ಊರಿಂದಲೇ ಹತ್ತಿ. ಧಾರವಾಡದ ಕಡೆಗೆ ರಾತ್ರಿ ಹೋಗುವ ರಾಣಿ ಚೆನ್ನಮ್ಮ ಬೆಂಗಳೂರಿನಿಂದ ಹೊರಡುತ್ತದೆ. ಅಲ್ಲಿ ಗಾಡಿ ಮೊದಲೇ ಪ್ಲಾಟ್‌ಫಾರ್ಮಿಗೆ ಬಂದು ನಿಂತಿರುತ್ತದೆ, ಸೈಕಲ್ ಏರಿಸಲು ಪುರುಸೊತ್ತಿರುತ್ತದೆ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ಹಿಂದಕ್ಕೆ ಹೋಗಿ ಮತ್ತೆ ಅದೇ ದಾರಿಯಲ್ಲಿ ಬರುವುದು ಸುತ್ತು ಅನಿಸುತ್ತದೆ. ನನಗೂ ಅನಿಸಿತ್ತು. ಆದರೂ ಈ ಸುತ್ತೇ ಸುರಕ್ಷಿತ. ಇಳಿಯುವ ಕಡೆಗೂ ಇದೇ ಯೋಚನೆ: ಸಾಮಾನನ್ನು ದೊಡ್ಡ ಜಂಕ್ಷನ್ ಆದ ಹುಬ್ಬಳ್ಳಿಗೆ ಬುಕ್ ಮಾಡಿ ಅಲ್ಲೇ ಇಳಿದರೆ ಧಾರವಾಡ 20 ಕಿ.ಮೀ. ಚಿಲ್ಲರೆ ದೂರ. ಪ್ರಯಾಣದ ಟಿಕೆಟ್ಟೂ ಬೆಂಗಳೂರು–ಹುಬ್ಬಳ್ಳಿಗೇ ಇರಲಿ, ಲಗೇಜು ಟಿಕೆಟ್ಟಿಗೂ ಅದಕ್ಕೂ ಹೊಂದಬೇಕು.

ಎರಡನೇ ಹೆಜ್ಜೆ, ಸೈಕಲ್ ಸಿದ್ಧ ಮಾಡುವುದು. ಬೆಲ್ಲು, ಲೈಟು, ಪಂಪು, ನೀರಿನ ಬಾಟ್ಲಿ, ಬುಟ್ಟಿ ಎಲ್ಲ ಬಿಚ್ಚಿ ಕೈಚೀಲಕ್ಕೆ ಹಾಕಿಕೊಳ್ಳಿ. ಕೈಗೆ ಸಿಗುವಂಥದ್ದು ಏನೂ ಸೈಕಲ್ ಮೇಲೆ ಇರಬಾರದು. ಪೆಡಲ್ ಎರಡನ್ನೂ ಬಿಚ್ಚಿ. ಎಡಗಡೆಯ ಪೆಡಲ್ ಉಲ್ಟಾ ತಿರುಗಿಸಿದರೆ ಬಿಚ್ಚುತ್ತದೆ, ಜೋರು ಮಾಡಿ ತಿರುಪಿನ ಮರೆ ಹಾಳು ಮಾಡಬೇಡಿ. ಹ್ಯಾಂಡಲ್ಲಿನ ಬೋಲ್ಟು ಸಡಿಲಿಸಿ ಅದನ್ನು ಫ್ರೇಮಿನ ಉದ್ದಕ್ಕೆ ತಿರುಗಿಸಿ ಕಟ್ಟಿ. ಗೇರು ಸೈಕಲ್ಲಾದರೆ ಹಿಂದಿನ ಗೇರಿನ ಭಾಗಕ್ಕೆ ರಟ್ಟು ಸುತ್ತಿ, ಮೊದಲು ಬಗ್ಗುವುದು ಅದೇ. ಫ್ರೇಮಿಗೆ ಹಳೆಯ ಬೆಡ್‌ಶೀಟು, ಅದರ ಮೇಲೆ ಗೋಣಿತಾಟು, ಆಮೇಲೆ ಹುರಿ. ಚಕ್ರಗಳು ಮಾತ್ರ ಉರುಳುವಂತೆ ಇರಲಿ. ಉರುಳುವ ಸೈಕಲ್ಲನ್ನು ಕೂಲಿಯವರು ತಳ್ಳಿಕೊಂಡು ಹೋಗುತ್ತಾರೆ. ಉರುಳದ ಮೂಟೆಯಾದರೆ ಎತ್ತಿ ಹಾಕುತ್ತಾರೆ.

ಹೆಸರು, ಫೋನ್ ನಂಬರು, ಹತ್ತುವ ಮತ್ತು ಇಳಿಯುವ ನಿಲ್ದಾಣ, ಪಿಎನ್‌ಆರ್, ಇಷ್ಟನ್ನು ದಪ್ಪ ಮಾರ್ಕರಿನಲ್ಲಿ ಎರಡು ಬಟ್ಟೆ ತುಂಡಿನ ಮೇಲೆ ಬರೆಯಿರಿ. ಒಂದನ್ನು ಹೊರಗೆ ಹೊಲಿಯಿರಿ, ಇನ್ನೊಂದನ್ನು ಗೋಣಿಯ ಒಳಗೆ ಫ್ರೇಮಿಗೆ ಕಟ್ಟಿ. ಕನ್ನಡದ ಜೊತೆಗೆ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಇರಲಿ, ಇಳಿಸುವವರಿಗೆ ಕನ್ನಡ ಬಾರದೇ ಇರಬಹುದು. ಹಿಂದಿನ ಪ್ರಯಾಣದ ಚೀಟಿ ಇದ್ದರೆ ಕಿತ್ತುಹಾಕಿ. ಹಳೆಯ ಚೀಟಿ ನೋಡಿ ಬೇರೆ ಊರಿಗೆ ಹೋದರೆ ಯಾರನ್ನು ಕೇಳೋಣ? ಕೊನೆಯಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆದಿಟ್ಟುಕೊಳ್ಳಿ, ಫ್ರೇಮಿನ ಕೆಳಗೆ ಒತ್ತಿರುವ ನಂಬರಿನದ್ದೂ ಒಂದಿರಲಿ.

ಮೂರನೇ ಹೆಜ್ಜೆ, ಕೌಂಟರು. ಗಾಡಿ ಹೊರಡುವ ಹೊತ್ತಿಗೆ ಕನಿಷ್ಠ 30 ನಿಮಿಷ ಮೊದಲು ಲಗೇಜು ಆಫೀಸಿಗೆ ಸಾಮಾನು ತಲುಪಿಸಬೇಕು ಎನ್ನುತ್ತದೆ ನಿಯಮ. ಬೆಂಗಳೂರಿನಂಥ ಕಡೆ ಎರಡು ಗಂಟೆ ಮೊದಲೇ ಹೋಗಿ. ಅಲ್ಲಿ ಸಾಲು ಇರುತ್ತದೆ, ಫಾರಂ ತುಂಬಬೇಕು, ತೂಕ ಆಗಬೇಕು, ಸೈಕಲ್ ಬ್ರೇಕ್ ವ್ಯಾನಿನವರೆಗೆ ಹೋಗಬೇಕು. ಪ್ರಯಾಣದ ಟಿಕೆಟ್ಟು, ಗುರುತಿನ ಚೀಟಿ, ಅದರ ಒಂದು ಜೆರಾಕ್ಸು ಜೊತೆಯಲ್ಲಿರಲಿ. ಹೊಸ ಸೈಕಲ್ಲಾದರೆ ಬಿಲ್ಲೂ ಇರಲಿ.

ಫಾರಂನಲ್ಲಿ ಸಾಮಾನಿನ ಬೆಲೆ ಕೇಳುವ ಜಾಗವಿದೆ. ಇಲ್ಲಿ ಸ್ವಲ್ಪ ನಿಲ್ಲಿ. ಬುಕ್ ಮಾಡಿದ ಲಗೇಜು ಕಳೆದರೆ ರೈಲ್ವೆ ಕೊಡುವ ಪರಿಹಾರಕ್ಕೆ ಮಿತಿ ಇದೆ, ಒಂದು ಕೆ.ಜಿ.ಗೆ 100 ರೂಪಾಯಿ. ಹದಿನೈದು ಕೆ.ಜಿ. ಸೈಕಲ್ಲಿಗೆ ಹಾಗಾದರೆ 1,500 ರೂಪಾಯಿ ಆಯಿತು. ನಿಮ್ಮ ಗೇರು ಸೈಕಲ್ಲಿನ ಬೆಲೆ 18,000 ಇದ್ದರೂ ಅಷ್ಟೇ. ಬೆಲೆಯನ್ನು ಮೊದಲೇ ಘೋಷಿಸಿ, ಅದರ ಮೇಲೆ ಶೇಕಡಾವಾರು ಶುಲ್ಕ ಕಟ್ಟಿದರೆ ಈ ಮಿತಿ ಘೋಷಿಸಿದ ಬೆಲೆಗೆ ಏರುತ್ತದೆ. ಕೌಂಟರಿನವರು ತಾವಾಗಿ ಹೇಳುತ್ತಾರೆ ಎಂದು ಕಾಯಬೇಡಿ, ನೀವೇ ಕೇಳಿ. ಹಳೆಯ ಸೈಕಲ್ಲಿಗೆ ಬೇಕಿಲ್ಲ. ಬೆಲೆಬಾಳುವ ಸೈಕಲ್ಲಿಗೆ ಇದನ್ನು ಬಿಡಬೇಡಿ.

ಪ್ಯಾಕಿಂಗ್ ಸರಿಯಿಲ್ಲ ಅನಿಸಿದರೆ ಅವರು ಅದನ್ನು ಫಾರಂನಲ್ಲೇ ಬರೆಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಆ ಸಹಿ ಆದಮೇಲೆ ಗೀರು, ಬಗ್ಗು ಎಂದು ದೂರುವುದು ಕಷ್ಟ. ಗೋಣಿ ಸುತ್ತಿಕೊಂಡೇ ಹೋಗಿ ಅನ್ನುವುದು ಇದಕ್ಕೂ ಸೇರಿ. ಹಣ ಕಟ್ಟಿದ ಮೇಲೆ ಲಗೇಜು ಟಿಕೆಟ್ ಕೊಡುತ್ತಾರೆ, ಸೈಕಲ್ ಮೇಲೂ ಒಂದು ನಂಬರು ಹಾಕುತ್ತಾರೆ. ಎರಡೂ ಒಂದೇ ಇದೆಯಾ, ಇಳಿಯುವ ನಿಲ್ದಾಣ ಸರಿಯಾಗಿ ಬರೆದಿದ್ದಾರಾ ಎಂದು ಕೌಂಟರಿನ ಮುಂದೆಯೇ ನೋಡಿ. ಟಿಕೆಟ್ಟಿನ ಫೋಟೋ ತೆಗೆಯಿರಿ.

ನಾಲ್ಕನೇ ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ: ಸೈಕಲ್ ಗಾಡಿ ಏರುವುದನ್ನು ಕಣ್ಣಾರೆ ನೋಡುವುದು. ಬ್ರೇಕ್ ವ್ಯಾನ್ ಸಾಮಾನ್ಯವಾಗಿ ಗಾಡಿಯ ಎರಡು ತುದಿಗಳಲ್ಲಿ ಇರುತ್ತದೆ. ಮುಂದಿನದೋ ಹಿಂದಿನದೋ ಕೇಳಿ ತಿಳಿದುಕೊಂಡು ಅಲ್ಲೇ ನಿಲ್ಲಿ. ಏರಿದ್ದು ಕಂಡ ಮೇಲೆ ನಿಮ್ಮ ಬೋಗಿಗೆ ಹೋಗಿ. ಯಾವ ತುದಿ ಅನ್ನುವುದು ಹುಬ್ಬಳ್ಳಿಯಲ್ಲಿ ಇಳಿದಾಗಲೂ ಬೇಕು. ಏರಲಿಲ್ಲ ಎಂದರೆ ಅಲ್ಲೇ ಲಗೇಜು ಟಿಕೆಟ್ ತೋರಿಸಿ ಕೇಳಿ. ಮುಂದಿನ ಗಾಡಿಗೆ ಹಾಕುತ್ತೇವೆ ಎಂದರೆ ಯಾವ ಗಾಡಿ ಎಂದು ಬರೆಸಿಕೊಳ್ಳಿ. ದಾರಿಯಲ್ಲಿ ಏನಾದರೂ ಕೇಳಬೇಕಿದ್ದರೆ 139ಕ್ಕೆ ಫೋನ್ ಮಾಡಿ.

ಐದನೆಯದು, ಬಿಡಿಸಿಕೊಳ್ಳುವುದು. ಇಳಿದ ತಕ್ಷಣ ಬ್ರೇಕ್ ವ್ಯಾನಿನ ಕಡೆ ಹೋಗಿ, ಸೈಕಲ್ ಇಳಿಯಿತಾ ನೋಡಿ. ಆಮೇಲೆ ಲಗೇಜು ಟಿಕೆಟ್ ಕೊಟ್ಟು ಆಫೀಸಿನಲ್ಲಿ ಬಿಡಿಸಿಕೊಳ್ಳಿ. ನಾಳೆ ಬಂದು ತಗೊಂಡರಾಯಿತು ಎಂದು ಹೋಗಬೇಡಿ. ಉಚಿತ ಅವಧಿ ಮುಗಿದ ಮೇಲೆ ಇಟ್ಟುಕೊಂಡದ್ದಕ್ಕೆ ಬಾಡಿಗೆ ಬೀಳುತ್ತದೆ, ಅದನ್ನು ವಾರ್ಫೇಜ್ ಎನ್ನುತ್ತಾರೆ. ಸಹಿ ಹಾಕುವ ಮುನ್ನ ಗೋಣಿ ಸ್ವಲ್ಪ ಬಿಚ್ಚಿ ಚಕ್ರ ತಿರುಗಿಸಿ ನೋಡಿ. ರಿಮ್ಮು ಓಲಾಡುತ್ತಿದ್ದರೆ, ಗೇರು ಬಗ್ಗಿದ್ದರೆ, ಹಾನಿಯನ್ನು ಅವರ ಪುಸ್ತಕದಲ್ಲಿ ಬರೆಸಿಯೇ ಸಹಿ ಹಾಕಿ. ಪರಿಹಾರ ಕೇಳುವುದಿದ್ದರೆ ಸಾಮಾನು ಒಪ್ಪಿಸಿದ ದಿನದಿಂದ ಆರು ತಿಂಗಳೊಳಗೆ ಲಿಖಿತವಾಗಿ ಕೊಡಬೇಕು.

ಸ್ಕೂಟರ್, ಬೈಕಿಗೂ ದಾರಿ ಇದೇ. ಪೆಟ್ರೋಲ್ ಪೂರ್ತಿ ಖಾಲಿ ಮಾಡಿರಬೇಕು, ಆರ್‌ಸಿ ಮತ್ತು ಇನ್ಶೂರೆನ್ಸಿನ ಜೆರಾಕ್ಸು ಬೇಕು.

ತಂಬೂರಿ: ತೂಕದ್ದಲ್ಲ, ಉದ್ದದ ಸಮಸ್ಯೆ

ಸಂಗೀತದ ವಾದ್ಯಗಳು ಹಗುರ. ಹಾರ್ಮೋನಿಯಂ, ಮೃದಂಗ, ತಬಲಾ ಯಾವುದೂ ಒಬ್ಬರ 40 ಕೆ.ಜಿ.ಯನ್ನು ಮುಗಿಸುವುದಿಲ್ಲ. ತೊಂದರೆ ಬರುವುದು ಅಳತೆಯಲ್ಲಿ. ಹೆಣ್ಣುಮಕ್ಕಳ ಶ್ರುತಿಯ ತಂಬೂರಿಯೇ ಸುಮಾರು ನಾಲ್ಕಡಿ, ಗಂಡಸರದ್ದು ಐದಡಿಗೆ ಹತ್ತಿರ. ನಾಲ್ಕಡಿ ಎಂದರೆ 120 ಸೆಂ.ಮೀ. ನಿಯಮದ 100 ದಾಟಿತು. ಬುರುಡೆಯ ಭಾಗ 25 ಸೆಂ.ಮೀ.ಯನ್ನೂ ದಾಟುತ್ತದೆ. ಲೆಕ್ಕದಂತೆ ನೋಡಿದರೆ ಇದೂ ಬ್ರೇಕ್ ವ್ಯಾನಿಗೆ ಹೋಗಬೇಕು.

ನನ್ನ ಅಭಿಪ್ರಾಯ ಗಟ್ಟಿಯಾಗಿಯೇ ಇದೆ: ಸೋರೆ ಬುರುಡೆಯ ತಂಬೂರಿಯನ್ನು ಬ್ರೇಕ್ ವ್ಯಾನಿಗೆ ಹಾಕಬೇಡಿ. ಅಲ್ಲಿ ಮೂಟೆಯ ಮೇಲೆ ಮೂಟೆ ಬೀಳುತ್ತದೆ. ಒಣಗಿದ ಸೋರೆಕಾಯಿ ಒಂದು ಪೆಟ್ಟಿಗೆ ಬಿರುಕು ಬಿಡುತ್ತದೆ, ಪರಿಹಾರ ಬಂದರೂ ಕೆ.ಜಿ.ಗೆ 100ರ ಲೆಕ್ಕದಲ್ಲಿ. ಹಾಗಾದರೆ ಏನು ಮಾಡುವುದು? ಮೂರು ದಾರಿ ಇವೆ. ಧಾರವಾಡದಲ್ಲೇ ಒಂದು ತಂಬೂರಿ ಬಾಡಿಗೆಗೋ ಗುರುಗಳ ಮನೆಯಲ್ಲೋ ಸಿಗುತ್ತದಾ ಕೇಳುವುದು ಮೊದಲನೆಯದು. ತಂಬೂರಿ, ಸಿತಾರ್‌ಗಳಿಗೆ ಹೆಸರಾದ ಮೀರಜ್ ಅದೇ ರೈಲು ದಾರಿಯಲ್ಲಿ ಮುಂದೆ ಸಿಗುತ್ತದೆ, ಹೊಸದು ಕೊಳ್ಳುವವರು ಅಲ್ಲಿಂದಲೇ ತರಿಸಿಕೊಳ್ಳಬಹುದು. ಎರಡನೆಯದು, ಮೊದಲ ಕೆಲವು ತಿಂಗಳು ಎಲೆಕ್ಟ್ರಾನಿಕ್ ತಂಬೂರಿ. ಮೂರನೆಯದು, ಅಜ್ಜಿಯ ತಂಬೂರಿಯೇ ಬೇಕು ಎಂದಾದರೆ, ಅದನ್ನು ನಿಮ್ಮ ಬರ್ತಿನ ಮೇಲೆ ನಿಮ್ಮ ಜೊತೆಗೇ ಇಟ್ಟುಕೊಂಡು ಹೋಗುವುದು.

ಹುಡುಗಿ ಮೂರನೆಯದನ್ನೇ ಆರಿಸಿದಳು. ನಿಯಮದಂತೆ ಟಿಟಿಇ ಬೇಡ ಎನ್ನಬಹುದು, ಅದನ್ನು ಅವಳಿಗೆ ಮುಚ್ಚಿಡದೆ ಹೇಳಿದೆ. ಆದ್ದರಿಂದ ಅಪ್ಪರ್ ಬರ್ತು ಕೇಳಿ ತೆಗೆಸಿದೆವು. ಮೇಲಿನ ಬರ್ತಿನಲ್ಲಿ ಪೆಟ್ಟಿಗೆ ಗೋಡೆಯ ಕಡೆ ಮಲಗುತ್ತದೆ, ಹುಡುಗಿ ಈಚೆ ಮಲಗುತ್ತಾಳೆ. ಯಾರ ಕಾಲಿಗೂ ಅಡ್ಡವಿಲ್ಲ, ಹಗಲು ಯಾರೂ ಅದರ ಪಕ್ಕ ಕೂರುವುದೂ ಇಲ್ಲ. ಜಾಗ ಇಕ್ಕಟ್ಟು, ಒಂದು ರಾತ್ರಿಗೆ ಸಹಿಸಿಕೊಳ್ಳಬೇಕು. ಟಿಟಿಇ ಬಂದಾಗ ಟಿಕೆಟ್ ತೋರಿಸುವ ಮೊದಲೇ "ಸರ್, ಮೇಲೆ ತಂಬೂರಿ ಇದೆ, ತೂಕ 8 ಕೆ.ಜಿ., ಒಟ್ಟು ಸಾಮಾನು 40ರ ಒಳಗಿದೆ" ಎಂದು ಅವಳೇ ಹೇಳಬೇಕು. ಬಚ್ಚಿಟ್ಟು ಸಿಕ್ಕಿಬೀಳುವುದಕ್ಕಿಂತ ಮೊದಲೇ ಹೇಳಿದರೆ ಮಾತು ಸಲೀಸಾಗುತ್ತದೆ. ಆದರೂ ಹಣ ಕಟ್ಟಿ ಎಂದರೆ ಕಟ್ಟಿ ರಸೀದಿ ತಗೋ ಎಂದಿದ್ದೇನೆ.

ಪೆಟ್ಟಿಗೆಗೆ ಹಾಕುವ ಮುನ್ನ ನಾಲ್ಕೂ ತಂತಿಗಳನ್ನು ಸಡಿಲಿಸಬೇಕು. ಪೂರ್ತಿ ಬಿಚ್ಚುವುದು ಬೇಡ, ಶ್ರುತಿ ಚೆನ್ನಾಗಿ ಇಳಿದು ಎಳೆತ ತಗ್ಗಿದರೆ ಸಾಕು. ತಂತಿಯ ಕೆಳಗಿನ ಜೀವದ ದಾರಗಳನ್ನು ತೆಗೆದು ಒಂದು ಪೊಟ್ಟಣದಲ್ಲಿ ಇಟ್ಟುಕೊಳ್ಳಿ, ಅವು ಪೆಟ್ಟಿಗೆಯಲ್ಲಿ ಉದುರಿದರೆ ಸಿಗುವುದಿಲ್ಲ. ತಂಬೂರಿ ಮುರಿಯುವುದು ಬಹುಪಾಲು ದಂಡಿ ಬುರುಡೆಗೆ ಸೇರುವ ಜಾಗದಲ್ಲಿ. ಪೆಟ್ಟಿಗೆಯೊಳಗೆ ಬುರುಡೆ ಮಾತ್ರ ಮೆತ್ತೆಯ ಮೇಲೆ ಕೂತು ದಂಡಿ ಗಾಳಿಯಲ್ಲಿ ನಿಂತಿದ್ದರೆ ಪ್ರತಿ ಕುಲುಕಿಗೂ ಆ ಸಂದಿಗೆ ಪೆಟ್ಟು ಬೀಳುತ್ತದೆ. ಹಳೆಯ ಹತ್ತಿ ಸೀರೆಯನ್ನು ಸುರುಳಿ ಮಾಡಿ ದಂಡಿಯ ಉದ್ದಕ್ಕೂ ಕೆಳಗೆ ಕೊಡಿ. ಪೆಟ್ಟಿಗೆ ಮುಚ್ಚಿ ಮೆಲ್ಲಗೆ ಅಲ್ಲಾಡಿಸಿ. ಒಳಗೆ ಸದ್ದು ಬಂದರೆ ಇನ್ನೊಂದು ಸೀರೆ ಬೇಕು.

ಮೃದಂಗದವರಿಗೆ ಉದ್ದದ ಚಿಂತೆ ಇಲ್ಲ, ಎರಡಡಿಯ ಆಸುಪಾಸು ಇರುತ್ತದೆ. ನಡುವಿನ ದಪ್ಪ 25 ದಾಟಬಹುದು, ಸೀಟಿನ ಕೆಳಗೆ ಹೋಗುವುದಾದರೆ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಆದರೆ ನೆಲ ಒರೆಸಿದ ನೀರು, ಚೆಲ್ಲಿದ ಟೀ ಚರ್ಮಕ್ಕೆ ತಾಗದಂತೆ ಕೆಳಗೊಂದು ಪ್ಲಾಸ್ಟಿಕ್ ಹಾಸಿ. ಬ್ರೇಕ್ ವ್ಯಾನಿಗೆ ಬುಕ್ ಮಾಡದೆ ಬೋಗಿಯಲ್ಲಿ ಜೊತೆಗೆ ಒಯ್ದ ಸಾಮಾನಿನ ಜವಾಬ್ದಾರಿ ನಿಮ್ಮದೇ. ರೈಲ್ವೆಯವರ ಅಲಕ್ಷ್ಯದಿಂದಲೇ ಹೋಯಿತು ಎಂದು ನೀವು ತೋರಿಸಿದರೆ ಮಾತ್ರ ಅವರು ಹೊಣೆ. ಹಾಗಾಗಿ ಸೀಟಿನ ಕೆಳಗಿನ ಕೊಂಡಿಗೆ ಸರಪಳಿ ಹಾಕಿ ಬೀಗ ಹಾಕಿ, ಬೀಗದ ಕೈ ಹ್ಯಾಂಡ್‌ಬ್ಯಾಗಿನಲ್ಲಿ ಬೇಡ, ಕೊರಳಲ್ಲಿ ಇರಲಿ.